ಒಂಬತ್ತು ಲಕ್ಷದ ಬಿಲ್ಲು, ಒಂದು ಪರ್ಸೆಂಟ್ ಕಡಿತ

ಸ್ಪಾನ್ಸರ್ ಕಂಪನಿಗೆ ಒಂಬತ್ತು ಲಕ್ಷ ರೂಪಾಯಿಯ ಬಿಲ್ಲು ಕಳಿಸಿದ ಯೂಟ್ಯೂಬರ್ ಒಬ್ಬರ ಖಾತೆಗೆ 8,91,000 ರೂಪಾಯಿ ಬರುತ್ತದೆ. ಅಂಥದೇ ವಿಡಿಯೊ ಮಾಡಿ ಅಷ್ಟೇ ಮೊತ್ತದ ಬಿಲ್ಲು ಕಳಿಸಿದ ಇನ್ನೊಬ್ಬರಿಗೆ ಬರುವುದು 8,10,000. ಇಬ್ಬರಲ್ಲಿ ಯಾರಿಗೆ ಹೆಚ್ಚು ತೆರಿಗೆ ಬಿತ್ತು ಎಂದು ಕೇಳಿದರೆ ಹೆಚ್ಚಿನವರು ಎರಡನೆಯವರಿಗೆ ಎನ್ನುತ್ತಾರೆ. ಆದರೆ ವರ್ಷದ ಕೊನೆಗೆ ಇಬ್ಬರ ಲಾಭವೂ ಒಂದೇ ಆಗಿದ್ದರೆ ಇಬ್ಬರ ತೆರಿಗೆಯೂ ಒಂದೇ. ಮೊದಲನೆಯವರು ತಮ್ಮ ಪಾಲಿನದನ್ನು ಇನ್ನೂ ಕಟ್ಟಿಲ್ಲ, ಅಷ್ಟೇ. ಅದನ್ನು ಅವರೇ ನೆನಪಿಟ್ಟುಕೊಂಡು, ತಾರೀಖು ನೋಡಿಕೊಂಡು ಕಟ್ಟಬೇಕು. ಅದಕ್ಕೇ ಮುಂಗಡ ತೆರಿಗೆ ಎಂದು ಹೆಸರು.

ತಿಂಗಳ ಸಂಬಳ ಎಣಿಸುವವರಿಗೆ ಈ ತಲೆನೋವಿಲ್ಲ. ಕಂಪನಿಯೇ ಅವರ ಇಡೀ ವರ್ಷದ ತೆರಿಗೆ ಲೆಕ್ಕ ಹಾಕಿ, ಹನ್ನೆರಡು ಭಾಗ ಮಾಡಿ ಹಿಡಿದುಕೊಳ್ಳುತ್ತದೆ. ಸ್ಪಾನ್ಸರ್ ಹಾಗೆ ಮಾಡುವುದಿಲ್ಲ, ಮಾಡಲು ಸಾಧ್ಯವೂ ಇಲ್ಲ. ನಿಮ್ಮ ಕ್ಯಾಮೆರಾ ಖರ್ಚೆಷ್ಟು, ಎಡಿಟರ್‌ಗೆ ಎಷ್ಟು ಕೊಟ್ಟಿರಿ, ಬೇರೆ ಬ್ರ್ಯಾಂಡ್‌ಗಳಿಂದ ಎಷ್ಟು ಬಂತು ಎನ್ನುವುದು ಅವರಿಗೆ ಗೊತ್ತಿಲ್ಲ. ಕಾನೂನು ಹೇಳಿದ ದರದಲ್ಲಿ ಬಿಲ್ಲಿನ ಒಟ್ಟು ಮೊತ್ತದ ಮೇಲೆ ಕತ್ತರಿಸಿ, ನಿಮ್ಮ ಪ್ಯಾನ್ ಸಂಖ್ಯೆಯ ಹೆಸರಿನಲ್ಲಿ ಸರ್ಕಾರಕ್ಕೆ ಕಟ್ಟಿಬಿಡುತ್ತಾರೆ. ಕಡಿತ ಬಿಲ್ಲಿನ ಮೇಲೆ, ತೆರಿಗೆ ಲಾಭದ ಮೇಲೆ. ಇವೆರಡೂ ತಾಳೆಯಾದರೆ ಅದು ಆಕಸ್ಮಿಕ.

ಹಾಗಾದರೆ ಒಂದೇ ಬಗೆಯ ಕೆಲಸಕ್ಕೆ ಒಬ್ಬರು ಒಂದು ಪರ್ಸೆಂಟ್, ಇನ್ನೊಬ್ಬರು ಹತ್ತು ಪರ್ಸೆಂಟ್ ಕತ್ತರಿಸುವುದೇಕೆ? 1961ರ ಆದಾಯ ತೆರಿಗೆ ಕಾಯ್ದೆಯ ಎರಡು ಕಲಂಗಳಲ್ಲಿ ಜಾಹೀರಾತಿನ ಹೆಸರು ಬರುತ್ತದೆ. 194ಸಿ ಕಲಂ ಗುತ್ತಿಗೆ ಕೆಲಸಕ್ಕೆ ಸಂಬಂಧಿಸಿದ್ದು. ಅಲ್ಲಿ 'ಕೆಲಸ' ಎಂಬುದರಲ್ಲಿ ಜಾಹೀರಾತೂ ಸೇರಿದೆ, ಪಡೆಯುವವರು ಒಬ್ಬ ವ್ಯಕ್ತಿಯಾದರೆ ದರ ಶೇ 1. 194ಜೆ ಕಲಂ ವೃತ್ತಿಪರ ಸೇವೆಯದು. ಅಲ್ಲಿನ ವೃತ್ತಿಗಳ ಪಟ್ಟಿಯಲ್ಲೂ ಜಾಹೀರಾತು ಇದೆ, ದರ ಶೇ 10. ನಿಮ್ಮ ವಿಡಿಯೊವನ್ನು ಯಾವ ಕಂಪನಿಯ ಅಕೌಂಟ್ಸ್ ವಿಭಾಗ ಹೇಗೆ ನೋಡುತ್ತದೆ ಎನ್ನುವುದರ ಮೇಲೆ ಕಡಿತ ನಿಂತಿದೆ. ಕ್ರಿಯೇಟರ್ ತನ್ನ ಮುಖ, ಮಾತು, ಕೌಶಲ ಕೊಟ್ಟು ಮಾಡುವ ಕೆಲಸಕ್ಕೆ 194ಜೆ ಹೆಚ್ಚು ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ. ಆದರೆ ಅದಕ್ಕಾಗಿ ಕಂಪನಿಯ ಜೊತೆ ಜಗಳಕ್ಕೆ ನಿಲ್ಲುವ ಅಗತ್ಯವಿಲ್ಲ. ಕಡಿಮೆ ಕತ್ತರಿಸಿದರೆ ಉಳಿದದ್ದನ್ನು ನೀವು ಕಟ್ಟುತ್ತೀರಿ, ಹೆಚ್ಚು ಕತ್ತರಿಸಿದರೆ ರಿಫಂಡ್ ಬರುತ್ತದೆ. ತಿಳಿದುಕೊಳ್ಳಬೇಕಾದದ್ದು ಯಾವ ಕಲಂನಲ್ಲಿ ಕತ್ತರಿಸುತ್ತಾರೆ ಎಂಬುದನ್ನು ಮಾತ್ರ, ಅದೂ ಬಿಲ್ಲು ಕಳಿಸುವ ಮೊದಲೇ.

ಸಣ್ಣ ಸ್ಪಾನ್ಸರ್‌ಗಳ ಹಣದಲ್ಲಿ ಕಡಿತವೇ ಇರುವುದಿಲ್ಲ. 2025ರ ಏಪ್ರಿಲ್‌ನಿಂದ 194ಜೆ ಅಡಿಯಲ್ಲಿ ಒಬ್ಬರೇ ವರ್ಷಕ್ಕೆ 50,000 ರೂಪಾಯಿವರೆಗೆ ಕೊಟ್ಟರೆ ಟಿಡಿಎಸ್ ಇಲ್ಲ. ಮೊದಲು ಈ ಮಿತಿ 30,000 ಇತ್ತು. ಕಡಿತ ಆಗಿಲ್ಲ ಎಂದ ಮಾತ್ರಕ್ಕೆ ಆ ಹಣ ಆದಾಯವಲ್ಲ ಎಂದಾಗುವುದಿಲ್ಲ. ಯೂಟ್ಯೂಬ್ ಜಾಹೀರಾತಿನಿಂದ ಪ್ರತಿ ತಿಂಗಳು ಬರುವ ಹಣವೂ ಹೀಗೆಯೇ. ಅದು ವಿದೇಶದಿಂದ ಬರುವುದರಿಂದ ಭಾರತದ ಟಿಡಿಎಸ್ ಅದಕ್ಕೆ ತಾಗುವುದಿಲ್ಲ. ಅದರ ಮೇಲಿನ ತೆರಿಗೆಯೆಲ್ಲ ನಿಮ್ಮ ಕೈಯಿಂದಲೇ ಹೋಗಬೇಕು.

ಇಷ್ಟು ತಿಳಿದ ಮೇಲೆ ಒಂದು ಲೆಕ್ಕವನ್ನು ಪೂರ್ತಿ ಮಾಡಿ ನೋಡೋಣ. ಹುಬ್ಬಳ್ಳಿಯಲ್ಲಿ ಅಡುಗೆ ಚಾನೆಲ್ ನಡೆಸುವ ಒಬ್ಬ ಹೆಣ್ಣುಮಗಳು ಎಂದಿಟ್ಟುಕೊಳ್ಳಿ. ಚಾನೆಲ್‌ನಿಂದ ದುಡಿಯಲು ಆರಂಭಿಸಿ ಇದು ಎರಡನೆಯ ವರ್ಷ. ನೋಡುಗರೆಲ್ಲ ಹೆಚ್ಚಾಗಿ ಕರ್ನಾಟಕದವರೇ. ವರ್ಷ 2025ರ ಏಪ್ರಿಲ್‌ನಿಂದ 2026ರ ಮಾರ್ಚ್‌ವರೆಗೆ, ಆಯ್ದುಕೊಂಡದ್ದು ಹೊಸ ತೆರಿಗೆ ಪದ್ಧತಿ. ಇಡೀ ವರ್ಷಕ್ಕೆ ಯೂಟ್ಯೂಬ್ ಜಾಹೀರಾತಿನಿಂದ 4,80,000 ರೂಪಾಯಿ. ಜುಲೈಯಲ್ಲಿ ಮಿಕ್ಸರ್, ಅವನ್ ಮಾರುವ ಕಂಪನಿಯೊಂದರಿಂದ 2,00,000 ನಗದು, ಜೊತೆಗೆ ಮನೆಯಲ್ಲೇ ಇಟ್ಟುಕೊಳ್ಳಿ ಎಂದು ಕೊಟ್ಟ 40,000 ಬೆಲೆಯ ಅವನ್. ಅಕ್ಟೋಬರ್‌ನಲ್ಲಿ ಹಬ್ಬದ ಪ್ರಚಾರಕ್ಕೆ ಮಸಾಲೆ ಕಂಪನಿಯಿಂದ 9,00,000. ಎಲ್ಲ ಸೇರಿ 16,20,000.

ಆ ಅವನ್ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ಹಣವಾಗಿ ಬರದ್ದನ್ನು ಲೆಕ್ಕಕ್ಕೆ ತರುವುದನ್ನು ಕ್ರಿಯೇಟರ್‌ಗಳು ಮರೆಯುವುದು ಹೆಚ್ಚು. 2022ರ ಜುಲೈ 1ರಿಂದ 194ಆರ್ ಎಂಬ ಕಲಂ ಬಂದಿದೆ. ವ್ಯವಹಾರದ ಸಂಬಂಧದಲ್ಲಿ ಒಬ್ಬರಿಂದ ವರ್ಷಕ್ಕೆ 20,000 ರೂಪಾಯಿಗಿಂತ ಹೆಚ್ಚು ಬೆಲೆಯ ವಸ್ತು ಅಥವಾ ಸೌಲಭ್ಯ ಸಿಕ್ಕರೆ ಕೊಡುವವರು ಶೇ 10ರಷ್ಟು ತೆರಿಗೆ ಕಟ್ಟಿಸಬೇಕು. ಆ ವರ್ಷ ನೇರ ತೆರಿಗೆ ಮಂಡಳಿ ಹೊರಡಿಸಿದ ಸುತ್ತೋಲೆ ಸೋಷಿಯಲ್ ಮೀಡಿಯಾ ಇನ್‌ಫ್ಲುಯೆನ್ಸರ್‌ಗಳ ಉದಾಹರಣೆಯನ್ನೇ ಕೊಟ್ಟು ಬಿಡಿಸಿ ಹೇಳಿತು: ವಿಡಿಯೊ ಮಾಡಿ ವಸ್ತುವನ್ನು ಹಿಂದಿರುಗಿಸಿದರೆ ಅದು ಲಾಭವಲ್ಲ, ಇಟ್ಟುಕೊಂಡರೆ ಲಾಭ. ಹಾಗಾಗಿ ಫೋನ್, ಕ್ಯಾಮೆರಾ ಹಿಂದಿರುಗಿಸುವವರು ಕೊರಿಯರ್ ರಸೀದಿಯನ್ನು ಎತ್ತಿಟ್ಟುಕೊಳ್ಳಬೇಕು. ನಮ್ಮ ಹುಬ್ಬಳ್ಳಿಯವರು ಅವನ್ ಇಟ್ಟುಕೊಂಡಿದ್ದಾರೆ. ಕಂಪನಿ ನಗದಿನ ಮೇಲೆ 20,000, ಅವನ್ ಮೇಲೆ 4,000 ಎರಡನ್ನೂ ನಗದಿನಿಂದಲೇ ಕತ್ತರಿಸಿ 1,76,000 ಕಳಿಸಿತು. ನಗದೇ ಇಲ್ಲದೆ ಬರೀ ವಸ್ತು ಕೊಡುವ ಒಪ್ಪಂದವಾಗಿದ್ದರೆ ಕತ್ತರಿಸಲು ಹಣವೆಲ್ಲಿದೆ? ಆಗ ಕಂಪನಿ, ನೀವೇ ಮುಂಗಡ ತೆರಿಗೆಯಾಗಿ ಕಟ್ಟಿ ಚಲನ್ ಪ್ರತಿ ಕೊಡಿ ಎಂದು ಕೇಳಬಹುದು. ಕೇಳಿದರೆ ಗಾಬರಿ ಬೇಡ, ಅದಕ್ಕೆ ಅವಕಾಶವಿದೆ.

ಮಸಾಲೆ ಕಂಪನಿ ಕತ್ತರಿಸಿದ್ದು 194ಸಿ ಅಡಿ, ಶೇ 1, ಅಂದರೆ 9,000. ವರ್ಷದ ಟಿಡಿಎಸ್ ಒಟ್ಟು 33,000 ಆಯಿತು.

ಈಗ ತೆರಿಗೆ. ಎಡಿಟರ್, ದಿನಸಿ, ಇಂಟರ್‌ನೆಟ್, ಪ್ರಯಾಣ, ಕ್ಯಾಮೆರಾ ಸವಕಳಿ ಎಲ್ಲ ಕೂಡಿ ಖರ್ಚು 3,20,000 ಎಂದುಕೊಳ್ಳೋಣ. ಕ್ಯಾಮೆರಾದ ಪೂರ್ತಿ ಬೆಲೆಯನ್ನು ಕೊಂಡ ವರ್ಷವೇ ಖರ್ಚು ತೋರಿಸುವಂತಿಲ್ಲ, ವರ್ಷಕ್ಕಿಷ್ಟು ಎಂದು ಸವಕಳಿಯಾಗಿಯೇ ತೋರಿಸಬೇಕು. ಉಳಿಯುವ ಲಾಭ 13,00,000. ಹೊಸ ಪದ್ಧತಿಯಲ್ಲಿ ಮೊದಲ ನಾಲ್ಕು ಲಕ್ಷಕ್ಕೆ ತೆರಿಗೆಯಿಲ್ಲ, ಮುಂದಿನ ನಾಲ್ಕು ಲಕ್ಷಕ್ಕೆ ಶೇ 5ರಂತೆ 20,000, ಅದರ ಮುಂದಿನ ನಾಲ್ಕು ಲಕ್ಷಕ್ಕೆ ಶೇ 10ರಂತೆ 40,000, ಕೊನೆಯ ಒಂದು ಲಕ್ಷಕ್ಕೆ ಶೇ 15ರಂತೆ 15,000. ಒಟ್ಟು 75,000, ಅದರ ಮೇಲೆ ಶೇ 4 ಸೆಸ್ ಸೇರಿ 78,000. ಟಿಡಿಎಸ್ 33,000 ಕಳೆದರೆ ಇನ್ನೂ ಕಟ್ಟಬೇಕಾದದ್ದು 45,000.

ಮಸಾಲೆ ಕಂಪನಿಯೂ ಶೇ 10 ಕತ್ತರಿಸಿದ್ದರೆ? ಆಗ ಟಿಡಿಎಸ್ 1,14,000 ಆಗಿ, ಕಟ್ಟುವುದಿರಲಿ, 36,000 ವಾಪಸು ಬರುತ್ತಿತ್ತು. ದುಡಿಮೆಯೂ ಅದೇ, ತೆರಿಗೆಯೂ ಅದೇ. ಒಂದು ಕಂಪನಿಯ ಲೆಕ್ಕದವರು ಬೇರೆ ಕಲಂ ಆರಿಸಿದ್ದರಿಂದ ಒಬ್ಬರು ಮುಂಗಡ ತೆರಿಗೆಯ ಕಂತು ನೋಡಬೇಕು, ಇನ್ನೊಬ್ಬರು ರಿಫಂಡ್‌ಗೆ ಕಾಯಬೇಕು.

ಟಿಡಿಎಸ್ ಕಳೆದ ಮೇಲೂ ವರ್ಷದ ತೆರಿಗೆ 10,000 ರೂಪಾಯಿ ಅಥವಾ ಹೆಚ್ಚು ಉಳಿಯುವುದಾದರೆ ಮುಂಗಡ ತೆರಿಗೆ ಕಟ್ಟಬೇಕು. ಕಂತು ನಾಲ್ಕು. ಜೂನ್ 15ರೊಳಗೆ ಶೇ 15, ಸೆಪ್ಟೆಂಬರ್ 15ರೊಳಗೆ ಒಟ್ಟು ಶೇ 45, ಡಿಸೆಂಬರ್ 15ರೊಳಗೆ ಒಟ್ಟು ಶೇ 75, ಮಾರ್ಚ್ 15ರೊಳಗೆ ಪೂರ್ತಿ. ನಮ್ಮ 45,000ಕ್ಕೆ ಇದು ಕ್ರಮವಾಗಿ 6,750, 20,250, 33,750 ಮತ್ತು 45,000 ಆಗುತ್ತದೆ.

ಅನಿಯಮಿತ ಆದಾಯದವರಿಗೆ ಕಷ್ಟವಾಗುವುದು ಇಲ್ಲೇ. ಜೂನ್ ತಿಂಗಳಲ್ಲಿ ಆಕೆಗೆ ಗೊತ್ತಿದ್ದದ್ದು ಜಾಹೀರಾತಿನ ಹಣ ಮಾತ್ರ. ಸೆಪ್ಟೆಂಬರ್‌ನಲ್ಲಿ ಜುಲೈ ಹಣವನ್ನೂ ಅವನ್ನನ್ನೂ ಸೇರಿಸಿ, ಖರ್ಚು ಕಳೆದು ಅಂದಾಜು ಮಾಡಿದರೂ ವರ್ಷದ ಲಾಭ ನಾಲ್ಕು ಲಕ್ಷ. ಹೊಸ ಪದ್ಧತಿಯಲ್ಲಿ ಲಾಭ ಹನ್ನೆರಡು ಲಕ್ಷದವರೆಗಿದ್ದರೆ ರಿಯಾಯಿತಿ ಸಿಕ್ಕಿ ತೆರಿಗೆಯೇ ಇಲ್ಲ. ಹಾಗಾಗಿ ಎರಡು ಕಂತಿಗೂ ಏನೂ ಕಟ್ಟಲಿಲ್ಲ. ಅಂದಿನ ಅಂದಾಜು ಸರಿಯಾಗಿಯೇ ಇತ್ತು. ಅಕ್ಟೋಬರ್‌ನಲ್ಲಿ ಒಂದೇ ಸ್ಪಾನ್ಸರ್ ಹಣ ಲಾಭವನ್ನು ಹನ್ನೆರಡು ಲಕ್ಷದ ಗೆರೆ ದಾಟಿಸಿತು, ಸೊನ್ನೆಯಿದ್ದ ತೆರಿಗೆ 78,000 ಆಯಿತು.

ಆದರೆ ತಡವಾದ ಕಂತಿಗೆ ಬಡ್ಡಿ ಹಾಕುವ 234ಸಿ ಕಲಂ ಜೂನ್‌ನಲ್ಲಿ ನಿಮಗೇನು ಗೊತ್ತಿತ್ತು ಎಂದು ಕೇಳುವುದಿಲ್ಲ. ವರ್ಷ ಮುಗಿದ ಮೇಲೆ ರಿಟರ್ನ್‌ನಲ್ಲಿ ತೋರಿಸಿದ ಆದಾಯದಿಂದ ಹಿಂದಕ್ಕೆ ಲೆಕ್ಕ ಹಾಕುತ್ತದೆ. ಮೊದಲ ಮೂರು ಕಂತುಗಳಲ್ಲಿ ಕೊರತೆ ಬಿದ್ದ ಮೊತ್ತಕ್ಕೆ ತಿಂಗಳಿಗೆ ಶೇ 1ರಂತೆ ಮೂರು ತಿಂಗಳ ಬಡ್ಡಿ, ಕೊನೆಯ ಕಂತಿಗೆ ಒಂದು ತಿಂಗಳದ್ದು. ಇದು ನ್ಯಾಯವೇ ಎಂದು ಯಾರಾದರೂ ಕೇಳಿದರೆ ಅಲ್ಲ ಎಂದೇ ಹೇಳುತ್ತೇನೆ. ಕಾಣದ ಆದಾಯಕ್ಕೆ ಮುಂಚೆಯೇ ತೆರಿಗೆ ಕಟ್ಟುವುದು ಯಾರಿಂದ ಸಾಧ್ಯ? ಷೇರು ಅಥವಾ ಆಸ್ತಿ ಮಾರಿದ ಲಾಭಕ್ಕೆ, ಲಾಟರಿಗೆ ಕಾನೂನು ವಿನಾಯಿತಿ ಕೊಟ್ಟಿದೆ. ವೃತ್ತಿ ಅಥವಾ ವ್ಯಾಪಾರದ ಆದಾಯ ಮೊದಲ ಬಾರಿಗೆ ಬಂದ ವರ್ಷಕ್ಕೂ ಕೊಟ್ಟಿದೆ, ಬಾಕಿಯನ್ನು ಮುಂದಿನ ಕಂತುಗಳಲ್ಲಿ, ಇಲ್ಲವೇ ಮಾರ್ಚ್ 31ರೊಳಗೆ ಕಟ್ಟಿದ್ದರೆ. ಹಾಗಾಗಿ ಚಾನೆಲ್‌ನಿಂದ ಇದೇ ಮೊದಲ ವರ್ಷ ದುಡಿದವರು ಇದನ್ನು ಬಿಟ್ಟುಕೊಡಬಾರದು. ಎರಡನೆಯ ವರ್ಷದ ಕ್ರಿಯೇಟರ್‌ಗೆ ಈ ಅನುಕೂಲವಿಲ್ಲ.

ಆದರೂ ಈ ಬಡ್ಡಿ ಎಷ್ಟೆಂದು ನೋಡಿದರೆ ಭಯ ಇಳಿಯುತ್ತದೆ. ಬಡ್ಡಿ ಲೆಕ್ಕಕ್ಕೆ ನೂರಕ್ಕಿಂತ ಕೆಳಗಿನ ಚಿಲ್ಲರೆ ಬಿಡುತ್ತಾರೆ. ಜೂನ್ ಕೊರತೆ 6,700ಕ್ಕೆ ಮೂರು ತಿಂಗಳ ಬಡ್ಡಿ 201 ರೂಪಾಯಿ, ಸೆಪ್ಟೆಂಬರ್ ಕೊರತೆ 20,200ಕ್ಕೆ 606. ಒಟ್ಟು 807. ಡಿಸೆಂಬರ್ 15ರೊಳಗೆ ಆಕೆ 34,000 ಕಟ್ಟಿ, ಮಾರ್ಚ್ 15ರೊಳಗೆ ಉಳಿದ 11,000 ಕಟ್ಟಿದರೆ ಅಲ್ಲಿಗೆ ಮುಗಿಯಿತು. ಅಕ್ಟೋಬರ್‌ನಲ್ಲಿ ಹಣ ಬಂದ ದಿನವೇ ಓಡಿಹೋಗಿ ಕಟ್ಟಿದರೂ ಸೆಪ್ಟೆಂಬರ್ ಕಂತಿನ ಬಡ್ಡಿ ಕಡಿಮೆಯಾಗುವುದಿಲ್ಲ, ಅದು ಮೂರು ತಿಂಗಳಿಗೆ ನಿಗದಿಯಾಗಿಬಿಟ್ಟಿದೆ. ಡಿಸೆಂಬರ್ 15ರವರೆಗೆ ಹಣವನ್ನು ಖಾತೆಯಲ್ಲೇ ಇಟ್ಟುಕೊಳ್ಳಬಹುದು, ಖರ್ಚು ಮಾಡದಿದ್ದರೆ.

ಡಿಸೆಂಬರ್, ಮಾರ್ಚ್ ಎರಡನ್ನೂ ಬಿಟ್ಟು ಜುಲೈಯಲ್ಲಿ ರಿಟರ್ನ್ ಹಾಕುವಾಗ ಒಟ್ಟಿಗೆ ಕಟ್ಟಿದರೆ ಲೆಕ್ಕ ಬೇರೆ. 234ಸಿ ಬಡ್ಡಿ 2,268ಕ್ಕೆ ಏರುತ್ತದೆ. ಮೇಲೆ 234ಬಿ ಎಂಬ ಇನ್ನೊಂದು ಬಡ್ಡಿ ಬರುತ್ತದೆ. ಕಟ್ಟಬೇಕಾದದ್ದರಲ್ಲಿ ಶೇ 90ರಷ್ಟಾದರೂ ಮಾರ್ಚ್ ಮುಗಿಯುವುದರೊಳಗೆ ಸಂದಾಯವಾಗದಿದ್ದರೆ ಏಪ್ರಿಲ್‌ನಿಂದ ಕಟ್ಟುವವರೆಗೆ ತಿಂಗಳಿಗೆ ಶೇ 1. ಏಪ್ರಿಲ್‌ನಿಂದ ಜುಲೈವರೆಗೆ ನಾಲ್ಕು ತಿಂಗಳಿಗೆ 1,800. ಒಟ್ಟು 4,068 ರೂಪಾಯಿ ಸುಮ್ಮನೆ ಹೋಯಿತು. ಬಡ್ಡಿಗಿಂತ ಹೆಚ್ಚು ನೋಯಿಸುವುದು ಇನ್ನೊಂದು: ಜುಲೈ ಹೊತ್ತಿಗೆ ಆ 45,000 ಹೊಸ ಲೆನ್ಸ್‌ಗೋ ಮನೆ ಬಾಡಿಗೆಗೋ ಹೋಗಿರುತ್ತದೆ.

ಹಾಗಾಗಿ ಜೂನ್ ಕಂತಿನ ಬಗ್ಗೆ ನಿದ್ದೆ ಕೆಡಿಸಿಕೊಳ್ಳುವುದು ಬೇಡ, ದೊಡ್ಡ ಹಣ ಬಂದ ನಂತರದ ಮೊದಲ ಕಂತನ್ನು ತಪ್ಪಿಸಬೇಡಿ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಮಸಾಲೆ ಕಂಪನಿಯ ಒಪ್ಪಂದಕ್ಕೆ ಆಗಸ್ಟ್‌ನಲ್ಲೇ ಸಹಿಯಾಗಿದ್ದರೆ ಆಗಲೇ ಅಂದಾಜು ತಿದ್ದಿಕೊಳ್ಳಬೇಕಿತ್ತು. ಮೊದಲ ಎರಡು ಕಂತುಗಳಿಗೆ ಕಾನೂನಿನಲ್ಲಿ ಸ್ವಲ್ಪ ಸಡಿಲವಿದೆ. ಜೂನ್‌ನಲ್ಲಿ ಶೇ 12, ಸೆಪ್ಟೆಂಬರ್‌ನಲ್ಲಿ ಒಟ್ಟು ಶೇ 36 ಕಟ್ಟಿದ್ದರೂ ಆ ಕಂತಿನ ಬಡ್ಡಿ ಬೀಳುವುದಿಲ್ಲ. ಸೆಪ್ಟೆಂಬರ್ 15ರೊಳಗೆ 16,200 ಕಟ್ಟಿದ್ದರೆ ಆ 606 ರೂಪಾಯಿ ಉಳಿಯುತ್ತಿತ್ತು.

ಫೆಬ್ರವರಿಯಲ್ಲಿ ಇನ್ನೊಂದು ಲಕ್ಷದ ಸ್ಪಾನ್ಸರ್ ಬಂದರೆ? ಕಂಪನಿ ಶೇ 10 ಕತ್ತರಿಸಿತು, ಇನ್ನೇನೂ ಇಲ್ಲ ಎಂದು ಕೂರುವಂತಿಲ್ಲ. ಆಕೆಯ ಲಾಭ ಈಗ ಶೇ 15ರ ಹಂತದಲ್ಲಿದೆ. ಆ ಒಂದು ಲಕ್ಷಕ್ಕೆ ಸೆಸ್ ಸೇರಿ ತೆರಿಗೆ 15,600, ಕತ್ತರಿಸಿದ್ದು 10,000. ಉಳಿದ 5,600 ಮಾರ್ಚ್ 15ರ ಕಂತಿಗೆ ಸೇರಬೇಕು. ಮಾರ್ಚ್ 15 ದಾಟಿತು ಎಂದು ಬಿಟ್ಟುಬಿಡಬೇಡಿ. ಮಾರ್ಚ್ 31ರವರೆಗೆ ಕಟ್ಟಿದ್ದೂ ಮುಂಗಡ ತೆರಿಗೆಯೆಂದೇ ಲೆಕ್ಕ, ಕೊನೆಯ ಕಂತಿಗೆ ಒಂದು ತಿಂಗಳ ಬಡ್ಡಿ ಬೀಳುತ್ತದೆಯಷ್ಟೇ.

ಅಂದಾಜು ಆದಾಯ ತೋರಿಸುವ ಯೋಜನೆಯಲ್ಲಿರುವವರು ನಾಲ್ಕು ಕಂತಿನ ಬದಲು ಮಾರ್ಚ್ 15ಕ್ಕೆ ಒಂದೇ ಸಲ ಕಟ್ಟಬಹುದು. ಅದರಲ್ಲಿ ವೃತ್ತಿಪರರಿಗಾಗಿ ಇರುವ 44ಎಡಿಎ ಕಲಂ ಅಡಿ ಒಟ್ಟು ಆದಾಯದ ಅರ್ಧವನ್ನು ಲಾಭವೆಂದು ತೋರಿಸಿದರೆ ಸಾಕು. ಕೇಳಲು ಹಿತವಾಗಿದೆ. ಆದರೆ ಆ ಕಲಂ ಹೆಸರಿಸುವ ವೃತ್ತಿಗಳಲ್ಲಿ ವಕೀಲರು, ವೈದ್ಯರು, ಚಲನಚಿತ್ರ ಕಲಾವಿದರು ಮೊದಲಾದವರಿದ್ದಾರೆ, ಯೂಟ್ಯೂಬರ್ ಎಂಬ ಹೆಸರಿಲ್ಲ. ನಿಮ್ಮ ಕೆಲಸ ಅಲ್ಲಿ ಸೇರುತ್ತದೆಯೇ ಎಂದು ಚಾರ್ಟರ್ಡ್ ಅಕೌಂಟೆಂಟ್ ಬಳಿ ಕೇಳದೆ, ಯಾರೋ ಹೇಳಿದರೆಂದು ಮೂರು ಕಂತು ಬಿಡಬೇಡಿ.

ಕಟ್ಟುವ ಕೆಲಸ ಸುಲಭ. ಆದಾಯ ತೆರಿಗೆ ಪೋರ್ಟಲ್‌ನಲ್ಲಿ `e-Pay Tax` ತೆರೆದು, ಪ್ಯಾನ್ ಕೊಟ್ಟು, `Advance Tax (100)` ಆರಿಸಿ ಕಟ್ಟುವುದು. ತಪ್ಪಾಗುವುದು ವರ್ಷ ಆರಿಸುವಾಗ. 2025-26ರ ದುಡಿಮೆಗೆ ಅಸೆಸ್‌ಮೆಂಟ್ ವರ್ಷ 2026-27. ಅದನ್ನು ತಪ್ಪಾಗಿ ಒತ್ತಿದರೆ ಹಣ ಬೇರೆ ವರ್ಷದ ಲೆಕ್ಕಕ್ಕೆ ಹೋಗಿ ಕೂರುತ್ತದೆ. 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದಿದೆ. ಅಲ್ಲಿಂದ ಮುಂದಿನ ದುಡಿಮೆಗೆ ಅಸೆಸ್‌ಮೆಂಟ್ ವರ್ಷದ ಗೊಂದಲವಿಲ್ಲ, ದುಡಿದ ವರ್ಷವೇ ತೆರಿಗೆ ವರ್ಷ. ಸಂಬಳದ್ದನ್ನು ಬಿಟ್ಟು ಉಳಿದ ಟಿಡಿಎಸ್ ನಿಯಮಗಳು 393ನೇ ಕಲಂ ಒಳಗೆ ಸೇರಿ ಹಳೆಯ ಸಂಖ್ಯೆಗಳು ಹೋಗಿವೆ. ಕಂತಿನ ನಾಲ್ಕು ತಾರೀಖುಗಳು ಮಾತ್ರ ಹಾಗೆಯೇ ಇವೆ.

ಕತ್ತರಿಸಿದ ಹಣ ನಿಮ್ಮ ಹೆಸರಿಗೆ ಬಂದಿದೆಯೇ ಎಂದು ನೋಡುವುದು ಕೊನೆಯ ಕೆಲಸ, ಅದನ್ನು ಬೇರೆ ಯಾರೂ ಮಾಡಿಕೊಡುವುದಿಲ್ಲ. ಪೋರ್ಟಲ್‌ನಲ್ಲಿ 26ಎಎಸ್ ಎಂಬ ಪಟ್ಟಿಯಲ್ಲಿ ಯಾರು, ಯಾವ ಕಲಂನಲ್ಲಿ, ಎಷ್ಟು ಕತ್ತರಿಸಿದರು ಎಂದು ಕಾಣುತ್ತದೆ. ಅಕ್ಟೋಬರ್‌ನಲ್ಲಿ ಕತ್ತರಿಸಿದ್ದು ಡಿಸೆಂಬರ್ 15ಕ್ಕೆ ಅಲ್ಲಿ ಕಾಣದೇ ಇದ್ದರೆ ಹೆದರಬೇಡಿ. ಕಂಪನಿ ಆ ತ್ರೈಮಾಸಿಕದ ವಿವರ ಸಲ್ಲಿಸಲು ಜನವರಿ 31ರವರೆಗೆ ಸಮಯವಿದೆ. ಅಲ್ಲಿಯವರೆಗೆ ನಿಮ್ಮ ಬಿಲ್ಲಿಗೂ ಬ್ಯಾಂಕಿಗೆ ಬಂದ ಮೊತ್ತಕ್ಕೂ ಇರುವ ವ್ಯತ್ಯಾಸವೇ ಲೆಕ್ಕಕ್ಕೆ ಆಧಾರ. ಕಂಪನಿ ಕತ್ತರಿಸಬೇಕಿತ್ತು, ಆದರೆ ಕತ್ತರಿಸದೆ ಪೂರ್ತಿ ಕೊಟ್ಟಿದ್ದರೆ ಆ ಮೊತ್ತವನ್ನು ಮುಂಗಡ ತೆರಿಗೆ ಲೆಕ್ಕದಲ್ಲಿ ಕಳೆಯುವಂತಿಲ್ಲ. ಪ್ಯಾನ್ ಕೊಡದಿದ್ದರೆ ಕಡಿತ ಶೇ 20ಕ್ಕೆ ಹೋಗುತ್ತದೆ, ತಪ್ಪು ಪ್ಯಾನ್ ಕೊಟ್ಟರೆ ನಿಮ್ಮ ಹಣ ಬೇರೆಯವರ ಪಟ್ಟಿಯಲ್ಲಿ ಕೂರುತ್ತದೆ.

ಫೆಬ್ರವರಿ ಮಧ್ಯಕ್ಕೂ ಆ 9,000 ಕಾಣದಿದ್ದರೆ ಕಂಪನಿಗೆ ಇಮೇಲ್ ಬರೆದು ಫಾರಂ 16ಎ ಕೇಳಿ. ಕತ್ತರಿಸಿದ ಮೇಲೂ ಅವರು ಸರ್ಕಾರಕ್ಕೆ ಕಟ್ಟದೇ ಹೋದರೆ ಅಷ್ಟು ತೆರಿಗೆಯನ್ನು ನಿಮ್ಮಿಂದ ಮತ್ತೆ ವಸೂಲಿ ಮಾಡುವಂತಿಲ್ಲ ಎಂದು 1961ರ ಕಾಯ್ದೆಯ 205ನೇ ಕಲಂ ಹೇಳುತ್ತದೆ. ಆದರೆ ಕತ್ತರಿಸಿದ್ದನ್ನು ತೋರಿಸಲು ಬಿಲ್ಲು, ಬ್ಯಾಂಕ್ ಪಟ್ಟಿ, ಕಂಪನಿಯ ಪೇಮೆಂಟ್ ಸಂದೇಶ ನಿಮ್ಮ ಬಳಿ ಇರಬೇಕು. ಬೆನ್ನು ಹತ್ತುವುದಿದ್ದರೆ ಮುಂದಿನ ವಿಡಿಯೊಗೆ ಅವರು ಫೋನ್ ಮಾಡುತ್ತಿರುವಾಗಲೇ ಹತ್ತಿ. ಒಪ್ಪಂದ ಮುಗಿದು ವರ್ಷವಾದ ಮೇಲೆ ಆ ಕಂಪನಿಯ ಅಕೌಂಟ್ಸ್ ವಿಭಾಗದಿಂದ ಉತ್ತರ ಪಡೆಯುವುದು ಬಹಳ ಕಷ್ಟ.